ಚುಚ್ಚುಮದ್ದಿನ ನಂತರದ ತೋಳುನೋವು ಮತ್ತು ಜ್ವರ

ಐದನೆಯ ತರಗತಿಯ ಮತ್ತು ಹತ್ತನೆಯ ತರಗತಿಯ ವಿದ್ಯಾರ್ಥಿಗಳಿಗೆ ಶಾಲೆಯಲ್ಲಿ ಲಸಿಕೆ ಹಾಕಿದ ದಿನದ ಸಂಜೆಯಿಂದ ಮನೆಗಳಲ್ಲಿಯೂ ಪ್ರಸಾದನಿಲಯಗಳಲ್ಲಿಯೂ ಒಂದೇ ಬಗೆಯ ಪ್ರಶ್ನೆಗಳು ಕೇಳಿಬರುತ್ತವೆ. ತೋಳು ಎತ್ತಲಾಗುತ್ತಿಲ್ಲ, ಮೈ ಬೆಚ್ಚಗಿದೆ, ಇದು ಸಹಜವೇ? ಮಾತ್ರೆ ಕೊಡಬಹುದೇ? ವೈದ್ಯರ ಬಳಿಗೆ ಓಡಬೇಕೇ? ಈ ಪ್ರಶ್ನೆಗಳಿಗೆ ಉತ್ತರ ಹೇಳುವವರು ಸಾಮಾನ್ಯವಾಗಿ ಎರಡು ಪಂಗಡದವರಾಗಿರುತ್ತಾರೆ. ಒಂದು ಪಂಗಡದವರು ಸಣ್ಣ ನೋವಿಗೂ ಗಾಬರಿಗೊಂಡು, ಮುಂದಿನ ಲಸಿಕೆಯೇ ಬೇಡವೆನ್ನುತ್ತಾರೆ. ಇನ್ನೊಂದು ಪಂಗಡದವರು ‘ಸೂಜಿ ಹಾಕಿಸಿಕೊಂಡ ಮೇಲೆ ಜ್ವರ ಬಂದೇ ಬರುತ್ತದೆ’ ಎಂದು, ಆಮೇಲೆ ಒಂದು ವಾರದವರೆಗೆ ಬಂದುದೆಲ್ಲವನ್ನೂ ಲಸಿಕೆಯ ಲೆಕ್ಕಕ್ಕೆ ಹಾಕಿ ಸುಮ್ಮನಾಗುತ್ತಾರೆ. ಇವೆರಡರಲ್ಲಿ ಎರಡನೆಯದೇ ಹೆಚ್ಚು ಅಪಾಯಕರವೆಂಬುದನ್ನು ಈ ಲೇಖನದಲ್ಲಿ ತೋರಿಸಲಾಗುವುದು.

ಲಸಿಕೆಯ ನಂತರ ಕಾಣುವ ಯಾವುದೇ ಲಕ್ಷಣವನ್ನು ಅರ್ಥಮಾಡಿಕೊಳ್ಳಲು ಮೊದಲು ಕೇಳಬೇಕಾದ ಪ್ರಶ್ನೆ ‘ನೋವು ಎಷ್ಟಿದೆ?’ ಎಂಬುದಲ್ಲ, ‘ಲಸಿಕೆ ಹಾಕಿ ಎಷ್ಟು ಹೊತ್ತಾಯಿತು?’ ಎಂಬುದು. ಅದೇ ಜ್ವರ ಮರುದಿನ ಬಂದರೆ ಒಂದು ಅರ್ಥ, ಐದನೆಯ ದಿನ ಬಂದರೆ ಮತ್ತೊಂದು ಅರ್ಥ. ಆದುದರಿಂದ ಲಸಿಕೆಯ ನಂತರದ ಕಾಲವನ್ನು ಮೂರು ಭಾಗಗಳಾಗಿ ವಿಂಗಡಿಸಿಕೊಳ್ಳುವುದು ಅನುಕೂಲಕರ: ಮೊದಲ ಅರ್ಧ ಗಂಟೆ, ಮೊದಲ ಎರಡು ದಿನಗಳು, ಮತ್ತು ಅಲ್ಲಿಂದ ಮುಂದಿನ ದಿನಗಳು. ಶಾಲಾ ಬಾಲಕರಿಗೆ ಹಾಕುವ ಟಿ.ಡಿ. ಲಸಿಕೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಈ ವಿಷಯವನ್ನು ವಿವೇಚಿಸೋಣ.

ಲಸಿಕೆಯ ಸ್ವರೂಪ

ಟಿ.ಡಿ. ಎಂಬುದು ಧನುರ್ವಾಯು ಮತ್ತು ಗಂಟಲಮಾರಿ ಎಂಬ ಎರಡು ರೋಗಗಳ ವಿರುದ್ಧ ರಕ್ಷಣೆ ನೀಡುವ ಲಸಿಕೆ. ಗಂಟಲಮಾರಿಯನ್ನು ವೈದ್ಯರು ಡಿಫ್ತೀರಿಯಾ ಎನ್ನುತ್ತಾರೆ. ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಂತೆ ಇದನ್ನು 10ನೆಯ ಮತ್ತು 16ನೆಯ ವಯಸ್ಸಿನಲ್ಲಿ ಒಂದೊಂದು ಬಾರಿ ಹಾಕಲಾಗುತ್ತದೆ. ಮಗು ಶಿಶುವಾಗಿದ್ದಾಗ 6, 10 ಮತ್ತು 14ನೆಯ ವಾರಗಳಲ್ಲಿಯೂ, ಬಳಿಕ ಒಂದೂವರೆ ವರ್ಷದ ಸುಮಾರಿಗೆ ಮತ್ತು 5ರಿಂದ 6 ವರ್ಷದೊಳಗೂ ಈ ರೋಗಗಳ ವಿರುದ್ಧ ಚುಚ್ಚುಮದ್ದು ಪಡೆದಿರುತ್ತದೆ. ಆ ರಕ್ಷಣೆ ವರ್ಷಗಳು ಕಳೆದಂತೆ ಕುಂದುವುದರಿಂದ ಶಾಲಾ ವಯಸ್ಸಿನಲ್ಲಿ ಅದನ್ನು ಮತ್ತೆ ಚುರುಕುಗೊಳಿಸಬೇಕಾಗುತ್ತದೆ.

ಈ ಲಸಿಕೆಯಲ್ಲಿ ಜೀವಂತ ರೋಗಾಣುಗಳಿಲ್ಲ. ಸತ್ತ ರೋಗಾಣುಗಳೂ ಇಲ್ಲ. ಆ ಎರಡು ರೋಗಗಳಲ್ಲಿ ಹಾನಿ ಮಾಡುವುದು ರೋಗಾಣುಗಳು ಹೊರಚೆಲ್ಲುವ ವಿಷ. ಆ ವಿಷವನ್ನು ಫಾರ್ಮಲಿನ್ ದ್ರಾವಣದಿಂದ ಸಂಸ್ಕರಿಸಿದರೆ ಅದರ ವಿಷಗುಣ ಅಳಿದು, ಆಕಾರ ಮಾತ್ರ ಉಳಿಯುತ್ತದೆ. ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯಲ್ಲಿ ಗ್ಯಾಸ್ಟನ್ ರಾಮೋನ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ರೂಪಿಸಿದ ಈ ವಿಧಾನವೇ ಇಂದಿಗೂ ಆಧಾರವಾಗಿದೆ. ಹೀಗೆ ಹಲ್ಲು ಕಿತ್ತ ಹಾವಿನಂತಾದ ವಿಷದ ಜೊತೆಗೆ ಅಲ್ಯೂಮಿನಿಯಂ ಲವಣವೊಂದನ್ನು ಸ್ವಲ್ಪ ಬೆರೆಸಿರುತ್ತಾರೆ. ಆ ಲವಣವು ಚುಚ್ಚಿದ ಸ್ಥಳದಲ್ಲಿ ದೇಹದ ರಕ್ಷಕ ಕಣಗಳ ಗಮನವನ್ನು ಸೆಳೆಯುತ್ತದೆ. ಅರ್ಧ ಮಿಲಿಲೀಟರಿನಷ್ಟು ಈ ದ್ರವವನ್ನು ತೋಳಿನ ಮೇಲ್ಭಾಗದ ದಪ್ಪ ಸ್ನಾಯುವಿನೊಳಗೆ ಚುಚ್ಚುತ್ತಾರೆ.

ಲಸಿಕೆಯ ಹೆಸರಿನಲ್ಲಿರುವ ‘ಡಿ’ ಅಕ್ಷರವನ್ನು ಆಂಗ್ಲದಲ್ಲಿ ಬೇಕೆಂದೇ ಚಿಕ್ಕದಾಗಿ ಬರೆಯುತ್ತಾರೆ. ಶಿಶುಗಳ ಲಸಿಕೆಯಲ್ಲಿರುವುದಕ್ಕಿಂತ ಹಲವು ಪಟ್ಟು ಕಡಿಮೆ ಗಂಟಲಮಾರಿ ಅಂಶ ಇದರಲ್ಲಿದೆ ಎಂಬುದರ ಗುರುತು ಅದು. ಏಳು ವರ್ಷ ದಾಟಿದವರಿಗೆ ಶಿಶುಗಳ ಪ್ರಮಾಣವನ್ನೇ ಕೊಟ್ಟರೆ ತೋಳಿನ ಊತ ಹೆಚ್ಚಾಗುತ್ತದೆಂಬುದು ಅನುಭವದಿಂದ ತಿಳಿದುಬಂದುದರಿಂದ ಈ ಕಡಿತ ಮಾಡಲಾಗಿದೆ. ಅಂದರೆ ಹಿಂದಿನ ಲಸಿಕೆಗಳ ನೆನಪು ದೇಹದಲ್ಲಿ ಉಳಿದಿರುತ್ತದೆ. ಆ ನೆನಪು ಗಾಢವಾಗಿದ್ದಷ್ಟೂ ತೋಳಿನಲ್ಲಿ ನಡೆಯುವ ಗಲಭೆಯೂ ಜೋರಾಗಿರುತ್ತದೆ. ಈ ಅಂಶವು ಮುಂದೆ ಒಂದು ಕಡೆ ನಮಗೆ ಉಪಯೋಗಕ್ಕೆ ಬರುತ್ತದೆ.

ನೋವು ಮತ್ತು ಜ್ವರ ಉಂಟಾಗುವ ಬಗೆ

ಸೂಜಿ ಚುಚ್ಚಿದ ಕ್ಷಣದ ಚುರುಕು ನೋವಿಗೂ ಸಂಜೆ ಬರುವ ಭಾರವಾದ ನೋವಿಗೂ ಸಂಬಂಧವಿಲ್ಲ. ಮೊದಲನೆಯದು ಚರ್ಮವನ್ನು ಸೂಜಿ ಭೇದಿಸಿದುದರ ಫಲ. ಅದು ಕೆಲವೇ ನಿಮಿಷಗಳಲ್ಲಿ ಮರೆಯಾಗುತ್ತದೆ. ಎರಡನೆಯದು ದೇಹವೇ ನಡೆಸುವ ಕಾರ್ಯದ ಫಲ. ಲಸಿಕೆ ಬಿದ್ದ ಸ್ಥಳಕ್ಕೆ ಬಿಳಿಯ ರಕ್ತಕಣಗಳು ಬಂದು ಸೇರುತ್ತವೆ. ಅವು ಹೊರಸೂಸುವ ರಾಸಾಯನಿಕಗಳಿಂದ ಅಲ್ಲಿನ ಸೂಕ್ಷ್ಮ ರಕ್ತನಾಳಗಳು ಹಿಗ್ಗಿ, ದ್ರವ ಹೊರಗೆ ಒಸರುತ್ತದೆ. ಆದುದರಿಂದಲೇ ಅಲ್ಲಿ ಕೆಂಪು, ಬಿಸಿ ಮತ್ತು ಊತ ಕಾಣುತ್ತವೆ. ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕವು ಅಲ್ಲಿಯ ನರದ ತುದಿಗಳನ್ನು ಸೂಕ್ಷ್ಮವಾಗಿಸುವುದರಿಂದ ಮುಟ್ಟಿದರೂ ನೋವಾಗುತ್ತದೆ. ಈ ಸಿದ್ಧತೆಗೆ ಕೆಲವು ಗಂಟೆಗಳು ಬೇಕು. ಬೆಳಿಗ್ಗೆ ಹಾಕಿದ ಲಸಿಕೆಯ ನೋವು ಸಂಜೆಗೆ ಆರಂಭವಾಗುವುದರ ಕಾರಣ ಇದೇ.

ಅಲ್ಲಿ ಸೇರಿದ ಕಣಗಳು ಕಳುಹಿಸುವ ಸಂದೇಶಗಳಲ್ಲಿ ಕೆಲವು ರಕ್ತದ ಮೂಲಕ ಮೆದುಳನ್ನು ತಲಪುತ್ತವೆ. ಮೆದುಳಿನ ಬುಡದಲ್ಲಿ ದೇಹದ ಉಷ್ಣತೆಯನ್ನು ಕಾಯ್ದಿರಿಸುವ ಒಂದು ಕೇಂದ್ರವಿದೆ. ಸಂದೇಶ ತಲಪಿದೊಡನೆ ಆ ಕೇಂದ್ರವು ತನ್ನ ಮಟ್ಟವನ್ನು ಸ್ವಲ್ಪ ಮೇಲಕ್ಕೆ ಏರಿಸಿಕೊಳ್ಳುತ್ತದೆ. ಹೊಸ ಮಟ್ಟಕ್ಕೆ ಹೋಲಿಸಿದರೆ ದೇಹ ಈಗ ತಣ್ಣಗಿದೆಯೆಂದು ಭಾಸವಾಗುವುದರಿಂದ ಚಳಿ ಹತ್ತುತ್ತದೆ, ಮೈ ನಡುಗುತ್ತದೆ, ಬಳಿಕ ಬಿಸಿಯಾಗುತ್ತದೆ. ಇದರ ಜೊತೆಗೆ ತಲೆನೋವು, ಮೈಕೈ ನೋವು, ಊಟ ಸೇರದಿರುವುದು, ಮಂಕು ಇವೂ ಕೆಲವರಲ್ಲಿ ಕಂಡುಬರುತ್ತವೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ನೋವು, ಜ್ವರ ಬಂದವರಿಗೆ ಮಾತ್ರ ಲಸಿಕೆ ‘ಹತ್ತಿತು’, ಬಾರದವರಿಗೆ ಹತ್ತಲಿಲ್ಲವೆಂದು ಹಲವರು ಭಾವಿಸುತ್ತಾರೆ. ಇದು ಸರಿಯಲ್ಲ. ರಕ್ಷಣೆಯನ್ನು ಕಟ್ಟುವ ಮುಖ್ಯ ಕಾರ್ಯವು ಕಂಕುಳ ಬಳಿಯ ಗ್ರಂಥಿಗಳಲ್ಲಿ ಮುಂದಿನ ದಿನಗಳಲ್ಲಿ ಸದ್ದಿಲ್ಲದೆ ನಡೆಯುತ್ತದೆ. ತೋಳು ನೋಯದ ಮಗುವಿನಲ್ಲಿಯೂ ಆ ಕಾರ್ಯ ನಡೆಯುತ್ತದೆ.

ಮೊದಲ ಅರ್ಧ ಗಂಟೆ

ಲಸಿಕೆ ಪಡೆದ ಪ್ರತಿಯೊಬ್ಬರನ್ನೂ ಅರ್ಧ ಗಂಟೆ ಕೂರಿಸಿಕೊಳ್ಳುವುದು ನಮ್ಮಲ್ಲಿಯ ನಿಯಮ. ಈ ನಿಯಮವು ತೋಳುನೋವಿಗಾಗಲಿ ಜ್ವರಕ್ಕಾಗಲಿ ಸಂಬಂಧಿಸಿದುದಲ್ಲ. ಅವೆರಡೂ ಅಷ್ಟು ಬೇಗ ಬರುವುದಿಲ್ಲ. ಈ ಅವಧಿಯಲ್ಲಿ ಕಾಣಬಹುದಾದ ಸಂಗತಿಗಳು ಎರಡು. ಒಂದು, ಬವಳಿ ಬಂದು ಬೀಳುವುದು. ಇನ್ನೊಂದು, ಅತಿ ವಿರಳವಾದ ತೀವ್ರ ಅಲರ್ಜಿ. ಇವೆರಡರ ವ್ಯತ್ಯಾಸವನ್ನು ಶಿಕ್ಷಕರು ಚೆನ್ನಾಗಿ ತಿಳಿದಿರಬೇಕು.

ಬವಳಿ ಬರುವುದು ಹತ್ತರಿಂದ ಹದಿನೆಂಟರ ವಯಸ್ಸಿನವರಲ್ಲಿ ಅಪರೂಪವೇನಲ್ಲ. ಹೆದರಿಕೆಯಿಂದಲೂ ಸೂಜಿಯ ನೋಟದಿಂದಲೂ ನಾಡಿ ನಿಧಾನವಾಗಿ, ರಕ್ತದೊತ್ತಡ ಇಳಿದು, ಮೆದುಳಿಗೆ ರಕ್ತ ಕ್ಷಣಕಾಲ ಕಡಿಮೆಯಾಗುತ್ತದೆ. ಮುಖ ಬಿಳಿಚಿಕೊಳ್ಳುತ್ತದೆ, ತಣ್ಣನೆಯ ಬೆವರು ಒಡೆಯುತ್ತದೆ, ಕಣ್ಣು ಕತ್ತಲಿಡುತ್ತದೆ. ನೆಲದ ಮೇಲೆ ಮಲಗಿಸಿ ಕಾಲುಗಳನ್ನು ಒಂದು ಮೊಳದಷ್ಟು ಎತ್ತಿ ಹಿಡಿದರೆ ಒಂದೆರಡು ನಿಮಿಷಗಳಲ್ಲಿ ಎಚ್ಚರವಾಗುತ್ತದೆ. ಇಲ್ಲಿ ಅಪಾಯವಿರುವುದು ಬವಳಿಯಿಂದಲ್ಲ, ಬೀಳುವಾಗ ತಲೆಗೆ ಆಗುವ ಪೆಟ್ಟಿನಿಂದ. ಸಾಲಿನಲ್ಲಿ ನಿಂತಿರುವ ಒಬ್ಬ ವಿದ್ಯಾರ್ಥಿ ಬಿದ್ದುದನ್ನು ಕಂಡು ಹಿಂದಿನವರೂ ಒಬ್ಬೊಬ್ಬರಾಗಿ ಬೀಳುವುದುಂಟು. ಆದುದರಿಂದ ಮಕ್ಕಳು ತಿಂಡಿ ತಿಂದು ಬಂದಿರಬೇಕು, ಕುಳಿತೇ ಲಸಿಕೆ ಹಾಕಿಸಿಕೊಳ್ಳಬೇಕು, ಉಳಿದವರಿಗೆ ಕಾಣದಂತೆ ಮರೆ ಇರಬೇಕು.

ತೀವ್ರ ಅಲರ್ಜಿಯು ಸುಮಾರು ಹತ್ತು ಲಕ್ಷ ಲಸಿಕೆಗಳಲ್ಲಿ ಒಂದಕ್ಕೆ ಕಾಣುವಂಥದು. ಅದರ ಚಹರೆಯೇ ಬೇರೆ. ಮೈಮೇಲೆ ತುರಿಕೆಯ ದದ್ದುಗಳು ಏಳುತ್ತವೆ, ತುಟಿ, ಕಣ್ಣಿನ ರೆಪ್ಪೆ, ಮುಖ ಊದಿಕೊಳ್ಳುತ್ತವೆ, ಧ್ವನಿ ಗೊಗ್ಗರಾಗುತ್ತದೆ, ಉಸಿರಾಟದಲ್ಲಿ ಸುಯ್ಯೆಂಬ ಸದ್ದು ಬರುತ್ತದೆ, ವಾಂತಿಯಾಗಬಹುದು, ನಾಡಿ ವೇಗವಾಗಿಯೂ ದುರ್ಬಲವಾಗಿಯೂ ಇರುತ್ತದೆ. ಮುಖ್ಯ ಗುರುತೆಂದರೆ, ಮಲಗಿಸಿದರೂ ಮಗು ಚೇತರಿಸಿಕೊಳ್ಳುವುದಿಲ್ಲ. ನಿಮಿಷನಿಮಿಷಕ್ಕೂ ಕೆಡುತ್ತಾ ಹೋಗುತ್ತದೆ. ಇದಕ್ಕೆ ಇರುವ ಮದ್ದು ಅಡ್ರಿನಲಿನ್ ಚುಚ್ಚುಮದ್ದು. ಅದನ್ನು ತೊಡೆಯ ಸ್ನಾಯುವಿಗೆ ತಡಮಾಡದೆ ಕೊಡಬೇಕು. ಲಸಿಕೆ ಹಾಕಲು ಬರುವ ಆರೋಗ್ಯ ಸಹಾಯಕಿಯರ ಬಳಿ ಅದರ ಪೆಟ್ಟಿಗೆ ಇರಬೇಕಾದುದು ನಿಯಮ. ಅಲರ್ಜಿಯ ಮಾತ್ರೆಯನ್ನು ನುಂಗಿಸಿ ಕಾಯುವುದು ಇಲ್ಲಿ ಸಲ್ಲದು. ಮಗುವನ್ನು ಎಬ್ಬಿಸಿ ನಡೆಸಲೂಬಾರದು. ಉಸಿರಾಟ ಕಷ್ಟವಾಗಿದ್ದರೆ ಮಾತ್ರ ಒರಗಿಸಿ ಕೂರಿಸಬಹುದು. ಅಡ್ರಿನಲಿನ್ ಕೊಟ್ಟೊಡನೆ 108ರ ವಾಹನದಲ್ಲಿ ಆಸ್ಪತ್ರೆಗೆ ಸಾಗಿಸತಕ್ಕದ್ದು. ಅರ್ಧ ಗಂಟೆಯ ನಂತರ, ಮನೆಗೆ ಹೋದ ಮೇಲೆ ಇಂಥ ಲಕ್ಷಣ ಕಂಡರೂ ಇದೇ ಅವಸರ ಬೇಕು.

ಮೊದಲ ಎರಡು ದಿನಗಳು

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಐದನೆಯ ತರಗತಿಯ ಒಬ್ಬ ಬಾಲಕಿ. ತೂಕ 28 ಕಿಲೋಗ್ರಾಂ. ಬುಧವಾರ ಬೆಳಿಗ್ಗೆ 11 ಗಂಟೆಗೆ ಎಡದೋಳಿಗೆ ಟಿ.ಡಿ. ಹಾಕಿಸಿಕೊಂಡಳು. ಸಂಜೆ 5ರ ವೇಳೆಗೆ ತೋಳು ಭಾರವೆನಿಸಿತು. ರಾತ್ರಿ ಆ ಮಗ್ಗುಲಿಗೆ ಮಲಗಲಾಗಲಿಲ್ಲ. ಗುರುವಾರ ಬೆಳಿಗ್ಗೆ ನೋಡಿದರೆ ಚುಚ್ಚಿದ ಸ್ಥಳದಲ್ಲಿ ರೂಪಾಯಿ ನಾಣ್ಯಕ್ಕಿಂತ ತುಸು ಅಗಲದ ಕೆಂಪು, ಮುಟ್ಟಿದರೆ ಗಟ್ಟಿ. ಜಡೆ ಹಾಕಿಕೊಳ್ಳಲು ಕೈ ಎತ್ತಿದರೆ ನೋವು. ಕಂಕುಳಲ್ಲಿಟ್ಟ ಥರ್ಮಾಮೀಟರು 100.6 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು. ಗುರುವಾರ ಸಂಜೆಗೆ ನೋವು ತನ್ನ ತುದಿಯನ್ನು ಮುಟ್ಟಿತು. ಶುಕ್ರವಾರ ಬೆಳಿಗ್ಗೆ ಜ್ವರವಿಲ್ಲ. ಶನಿವಾರಕ್ಕೆ ತೋಳು ಮೊದಲಿನಂತಾಯಿತು. ಒತ್ತಿದರೆ ಮಾತ್ರ ಕಡಲೆ ಕಾಳಿನಷ್ಟು ಗಂಟೊಂದು ಸಿಗುತ್ತಿತ್ತು.

ಇದು ಸಹಜವಾದ ನಡೆ. ನೋವು ಕೆಲವು ಗಂಟೆಗಳಲ್ಲಿ ಹುಟ್ಟಿ, ಒಂದು ಅಥವಾ ಎರಡನೆಯ ದಿನ ಏರಿ, ಮೂರನೆಯ ದಿನಕ್ಕೆ ಇಳಿಮುಖವಾಗಬೇಕು. ಜ್ವರ ಬಂದರೆ ಒಂದೆರಡು ದಿನಗಳಲ್ಲಿ ಬಿಡಬೇಕು. ಗಂಟು ಮಾತ್ರ ನೋವಿಲ್ಲದೆ ಕೆಲವು ವಾರ ಉಳಿಯಬಹುದು; ಅದನ್ನು ಹಿಸುಕದೆ ಬಿಟ್ಟರೆ ತಾನಾಗಿಯೇ ಕರಗುತ್ತದೆ.

ಈ ಬಾಲಕಿಗೆ ಮಾಡಬೇಕಾದ ಉಪಚಾರ ಸರಳವಾದುದು. ಒಂದು ಶುಭ್ರವಾದ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಹಿಂಡಿ, ತೋಳಿನ ಮೇಲೆ ಹತ್ತು-ಹದಿನೈದು ನಿಮಿಷ ಇಡಬೇಕು. ದಿನಕ್ಕೆ ಮೂರು ನಾಲ್ಕು ಬಾರಿ ಹೀಗೆ ಮಾಡಬಹುದು. ತೋಳನ್ನು ಜೋಳಿಗೆ ಕಟ್ಟಿ ನಿಲ್ಲಿಸಬಾರದು. ನಿತ್ಯದ ಕೆಲಸಗಳಲ್ಲಿ ಮೆಲ್ಲಗೆ ಆಡಿಸುತ್ತಿದ್ದರೆ ಬಿಗಿತ ಬೇಗ ಸಡಿಲುತ್ತದೆ. ಚುಚ್ಚಿದ ಸ್ಥಳವನ್ನು ತಿಕ್ಕುವುದು, ನೋವಿನ ಮುಲಾಮು ಹಚ್ಚುವುದು, ಸುಣ್ಣ-ಅರಿಶಿನ ಮೆತ್ತುವುದು, ಬಿಸಿ ಶಾಖ ಕೊಡುವುದು ಇವು ಬೇಡ. ತಿಕ್ಕಿದರೂ ಶಾಖ ಕೊಟ್ಟರೂ ಊತ ಹೆಚ್ಚಬಹುದು. ಸೂಜಿಯ ರಂಧ್ರ ಮುಚ್ಚುವ ಮೊದಲು ಕಂಡಕಂಡುದನ್ನು ಮೆತ್ತಿದರೆ ಕೊಳೆ ಒಳಸೇರುತ್ತದೆ. ಸ್ನಾನಕ್ಕೆ ಅಡ್ಡಿಯಿಲ್ಲ. ಗಂಜಿ, ಮಜ್ಜಿಗೆ, ನೀರು ಧಾರಾಳವಾಗಿ ಕೊಡಬೇಕು. ಚಳಿಯೆಂದಾಗ ತೆಳುವಾದ ಹೊದಿಕೆ ಸಾಕು. ಕಂಬಳಿಗಳ ಮೇಲೆ ಕಂಬಳಿ ಹೊದಿಸಿದರೆ ಉಷ್ಣತೆ ಇನ್ನಷ್ಟು ಏರುತ್ತದೆ.

ಔಷಧಿಯ ವಿಷಯದಲ್ಲಿ ಸ್ವಲ್ಪ ಲೆಕ್ಕ ಬೇಕು. ಮಕ್ಕಳಿಗೆ ಯೋಗ್ಯವಾದುದು ಪ್ಯಾರಸಿಟಮಾಲ್. ಪ್ರಮಾಣವನ್ನು ನಿರ್ಧರಿಸುವುದು ವಯಸ್ಸಲ್ಲ, ತೂಕ. ಒಂದು ಕಿಲೋಗ್ರಾಂ ತೂಕಕ್ಕೆ ಒಂದು ಬಾರಿಗೆ 10ರಿಂದ 15 ಮಿಲಿಗ್ರಾಂ. 28 ಕಿಲೋಗ್ರಾಂ ತೂಕದ ಈ ಬಾಲಕಿಗೆ 280ರಿಂದ 420 ಮಿಲಿಗ್ರಾಂ ಆಗುತ್ತದೆ. 5 ಮಿಲಿಲೀಟರಿನಲ್ಲಿ 250 ಮಿಲಿಗ್ರಾಂ ಇರುವ ದ್ರವೌಷಧವಾದರೆ 6 ಮಿಲಿಲೀಟರ್ ಕೊಟ್ಟರೆ 300 ಮಿಲಿಗ್ರಾಂ ಸಿಕ್ಕಿತು, ಅಷ್ಟು ಸಾಕು. ಆದರೆ ಅಂಗಡಿಯಲ್ಲಿ ಇದರ ಅರ್ಧದಷ್ಟೇ ಬಲವುಳ್ಳ ದ್ರವೌಷಧವೂ ಸಿಗುತ್ತದೆ. ಎರಡೂ ಬಾಟಲಿಗಳು ನೋಡಲು ಒಂದೇ ತೆರನಾಗಿರುವುದುಂಟು. ಆದುದರಿಂದ ಬಾಟಲಿಯ ಮೇಲಿನ ಅಂಕಿಯನ್ನು ಓದದೆ ಅಳೆಯಬಾರದು. ಅಡುಗೆಮನೆಯ ಚಮಚದಿಂದಲೂ ಅಳೆಯಬಾರದು. ಎರಡು ಬಾರಿಯ ನಡುವೆ ಕನಿಷ್ಠ 4ರಿಂದ 6 ಗಂಟೆಗಳ ಅಂತರವಿರಬೇಕು. ಒಂದು ದಿನಕ್ಕೆ ನಾಲ್ಕು ಬಾರಿಗಿಂತ ಹೆಚ್ಚು ಕೊಡಬಾರದು. ಮಗುವಿಗೆ ಈಗಾಗಲೇ ನೆಗಡಿಯ ಔಷಧಿ ನಡೆಯುತ್ತಿದ್ದರೆ ಅದರಲ್ಲಿಯೂ ಪ್ಯಾರಸಿಟಮಾಲ್ ಇರಬಹುದು. ಎರಡನ್ನೂ ಕೊಟ್ಟರೆ ಪ್ರಮಾಣ ಮೀರಿ ಯಕೃತ್ತಿಗೆ ಹಾನಿಯಾಗುತ್ತದೆ. ಮಕ್ಕಳ ಜ್ವರಕ್ಕೆ ಆಸ್ಪಿರಿನ್ ಸರ್ವಥಾ ಕೂಡದು.

ಔಷಧಿಯ ಉದ್ದೇಶ ಥರ್ಮಾಮೀಟರಿನ ಅಂಕಿಯನ್ನು ಇಳಿಸುವುದಲ್ಲ, ಮಗುವಿನ ಬಳಲಿಕೆಯನ್ನು ಇಳಿಸುವುದು. 100.6 ಡಿಗ್ರಿ ಇದ್ದರೂ ಮಗು ಆಡಿಕೊಂಡಿದ್ದರೆ ಔಷಧಿಯ ಅಗತ್ಯವಿಲ್ಲ. ಇನ್ನು, ಲಸಿಕೆಗೆ ಮೊದಲೇ ಮಾತ್ರೆ ನುಂಗಿಸಿ ಕಳುಹಿಸುವ ವಾಡಿಕೆಯನ್ನು ಬಿಡುವುದೊಳಿತು. ಚೆಕ್ ದೇಶದ ಶಿಶುಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಜ್ವರ ಬಾರದಿರಲೆಂದು ಮುಂಗಡವಾಗಿ ಪ್ಯಾರಸಿಟಮಾಲ್ ಪಡೆದ ಶಿಶುಗಳಲ್ಲಿ ಜ್ವರ ಕಡಿಮೆಯಾದರೂ ಕೆಲವು ಲಸಿಕೆಗಳ ವಿರುದ್ಧ ಉಂಟಾದ ರಕ್ಷಕ ಕಣಗಳ ಪ್ರಮಾಣವೂ ಕಡಿಮೆಯಿದ್ದಿತು. ಶಾಲಾ ಬಾಲಕರಿಗೂ ಅದು ಹಾಗೆಯೇ ಅನ್ವಯಿಸುತ್ತದೆಂದು ಹೇಳಲಾಗದು. ಆದರೂ ಬಾರದ ಜ್ವರಕ್ಕೆ ಮದ್ದು ಕೊಡುವುದರಲ್ಲಿ ಲಾಭವೇನೂ ಇಲ್ಲ.

ಈ ಎರಡು ದಿನಗಳಲ್ಲಿ ಕಾಣಬಹುದಾದ ಇನ್ನೊಂದು ಸಂಗತಿಯನ್ನು ಪ್ರತ್ಯೇಕವಾಗಿ ಹೇಳಬೇಕು. ಕೆಲವರ ತೋಳು ಲಸಿಕೆಯಾದ ಕೆಲವೇ ಗಂಟೆಗಳಲ್ಲಿ ಭುಜದಿಂದ ಮೊಣಕೈವರೆಗೆ ಊದಿಕೊಳ್ಳುತ್ತದೆ, ನೋವೂ ಹೆಚ್ಚಿರುತ್ತದೆ. ಇಂಥವರ ಹಿಂದಿನ ವೃತ್ತಾಂತವನ್ನು ವಿಚಾರಿಸಿದರೆ, ಸ್ವಲ್ಪ ಕಾಲದ ಹಿಂದಷ್ಟೇ ಇದೇ ಬಗೆಯ ಲಸಿಕೆ ಪಡೆದಿದ್ದು ತಿಳಿದುಬರುವುದುಂಟು. ನಮ್ಮಲ್ಲಿ ಸೈಕಲ್ಲಿನಿಂದ ಬಿದ್ದರೂ ಮೊಳೆ ತುಳಿದರೂ ಪ್ರತಿಬಾರಿಯೂ ಟಿ.ಟಿ. ಚುಚ್ಚುಮದ್ದು ಹಾಕಿಸುವ ರೂಢಿಯಿದೆ. ಅದರಿಂದ ರಕ್ತದಲ್ಲಿ ಆಗಲೇ ತುಂಬಿಕೊಂಡಿರುವ ರಕ್ಷಕ ಕಣಗಳು ಹೊಸದಾಗಿ ಬಂದ ಲಸಿಕೆಯೊಡನೆ ಒಮ್ಮೆಲೇ ಕೂಡಿಕೊಂಡು ಈ ದೊಡ್ಡ ಊತವನ್ನು ಉಂಟುಮಾಡುತ್ತವೆ. ಹಿಂದೆ ಹೇಳಿದ ‘ನೆನಪಿನ ಗಲಭೆ’ ಇದೇ. ನೋಡಲು ಭಯವಾದರೂ ಇದು ಕೀವಲ್ಲ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ಆದರೂ ವೈದ್ಯರಿಗೆ ಒಮ್ಮೆ ತೋರಿಸಿ ಖಚಿತಪಡಿಸಿಕೊಳ್ಳಬೇಕು. ಇದನ್ನು ತಪ್ಪಿಸುವ ದಾರಿಯೂ ಸುಲಭ: ಗಾಯಕ್ಕೆ ಹಾಕಿಸಿದ ಟಿ.ಟಿ.ಯ ತಾರೀಖನ್ನು ಬರೆದಿಟ್ಟುಕೊಂಡು, ಶಾಲೆಯಲ್ಲಿ ಲಸಿಕೆ ಹಾಕುವ ಮೊದಲು ಆರೋಗ್ಯ ಸಹಾಯಕಿಗೆ ತಿಳಿಸಬೇಕು.

ಮೂರನೆಯ ದಿನದಿಂದ ಮುಂದೆ

ಇಲ್ಲಿಂದ ಗಡಿಯಾರದ ಅರ್ಥ ಬದಲಾಗುತ್ತದೆ. ಮೊದಲ ಎರಡು ದಿನಗಳಲ್ಲಿ ಸಹಜವಾಗಿದ್ದ ನೋವು, ಕೆಂಪು, ಜ್ವರಗಳು ಈಗ ಹೊಸದಾಗಿ ಹುಟ್ಟಿದರೆ ಅಥವಾ ಏರುಮುಖವಾದರೆ ಸಹಜವಲ್ಲ.

ಮತ್ತೊಂದು ಉದಾಹರಣೆ. ಅದೇ ಬುಧವಾರ ಲಸಿಕೆ ಪಡೆದ ಹತ್ತನೆಯ ತರಗತಿಯ ಒಬ್ಬ ಬಾಲಕ ಪ್ರಸಾದನಿಲಯದಲ್ಲಿದ್ದಾನೆ. ಗುರುವಾರ ಅವನಿಗೂ ತೋಳು ನೋಯುತ್ತಿತ್ತು, ಶುಕ್ರವಾರ ಸರಿಹೋಯಿತು. ಭಾನುವಾರ ಸಂಜೆ ಇದ್ದಕ್ಕಿದ್ದಂತೆ ಚಳಿಯೊಡನೆ 103 ಡಿಗ್ರಿ ಜ್ವರ ಬಂದಿತು. ಹಣೆ ಮತ್ತು ಕಣ್ಣಿನ ಹಿಂಭಾಗ ನೋಯುತ್ತದೆ ಎನ್ನುತ್ತಾನೆ. ತೋಳಿನಲ್ಲಿ ನೋವಿಲ್ಲ, ಕೆಂಪಿಲ್ಲ. ಮೇಲ್ವಿಚಾರಕರು ‘ಲಸಿಕೆಯ ಜ್ವರ, ಇಳಿಯುತ್ತದೆ’ ಎಂದುಕೊಂಡು ಮಾತ್ರೆ ಕೊಟ್ಟು ಎರಡು ದಿನ ಕಳೆದರೆ ಏನಾಗಬಹುದೆಂಬುದನ್ನು ಯೋಚಿಸಬೇಕು. ಜೀವಂತ ರೋಗಾಣುವಿಲ್ಲದ ಟಿ.ಡಿ.ಯಿಂದ ಬರುವ ಜ್ವರ ಮೊದಲ ಒಂದೆರಡು ದಿನಗಳಲ್ಲಿಯೇ ಬರಬೇಕು. ಪೂರ್ತಿ ಗುಣವಾಗಿದ್ದು ನಾಲ್ಕನೆಯ ದಿನ ಹೊಸದಾಗಿ ಬಂದ ತೀವ್ರ ಜ್ವರಕ್ಕೆ ಬೇರೆಯೇ ಕಾರಣವಿರುತ್ತದೆ. ಮಳೆಗಾಲದ ನಂತರದ ದಿನಗಳಲ್ಲಿ ಅದು ಡೆಂಗಿಯಾಗಿರಬಹುದು, ಮಲೇರಿಯಾ ಆಗಿರಬಹುದು, ವಿಷಮಶೀತವಾಗಿರಬಹುದು. ಮರುದಿನವೇ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ರಕ್ತಪರೀಕ್ಷೆ ಮಾಡಿಸುವುದು ಕರ್ತವ್ಯ. ಡೆಂಗಿಯ ಸಂಶಯವಿರುವಾಗ ಆಸ್ಪಿರಿನ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳಿಂದ ರಕ್ತಸ್ರಾವದ ಅಪಾಯ ಹೆಚ್ಚುವುದರಿಂದ ಅವನ್ನು ಮುಟ್ಟಬಾರದು.

ಆರಂಭದಲ್ಲಿ ಎರಡನೆಯ ಪಂಗಡದವರ ನಿಲುವು ಹೆಚ್ಚು ಅಪಾಯಕರವೆಂದು ಹೇಳಿದುದು ಇದಕ್ಕಾಗಿ. ಲಸಿಕೆ ಈ ಬಾಲಕನಿಗೆ ಯಾವ ಕೇಡನ್ನೂ ಮಾಡಲಿಲ್ಲ. ಆದರೆ ಲಸಿಕೆಯ ಹೆಸರು ನಿಜವಾದ ಕಾಯಿಲೆಯನ್ನು ಮರೆಮಾಡಬಹುದಾಗಿತ್ತು.

ತೋಳಿನಲ್ಲಿಯೇ ಗಮನಿಸಬೇಕಾದ ಲಕ್ಷಣಗಳು ಎರಡು ಬಗೆಯವು. ಮೂರನೆಯ ದಿನದ ನಂತರ ಕೆಂಪು ದಿನದಿನಕ್ಕೂ ಹರಡುತ್ತಾ, ಚರ್ಮ ಬಿಸಿಯಾಗಿ, ನೋವು ತುಡಿಯುತ್ತಾ, ನಡುವೆ ಒತ್ತಿದರೆ ಮೆತ್ತಗೆ ಅದುಮುವಂತಿದ್ದರೆ ಒಳಗೆ ಕೀವು ಕಟ್ಟುತ್ತಿದೆ ಎಂದು ತಿಳಿಯಬೇಕು. ಕೆಂಪು ಹರಡುತ್ತಿದೆಯೇ ಇಲ್ಲವೇ ಎಂಬ ಅನುಮಾನ ಬಂದಾಗ ಅದರ ಅಂಚಿನ ಸುತ್ತ ಪೆನ್ನಿನಿಂದ ಗೆರೆ ಎಳೆದು ವೇಳೆಯನ್ನು ಬರೆದಿಡಬಹುದು. ಆರು ಗಂಟೆಗಳ ನಂತರ ಕೆಂಪು ಗೆರೆಯನ್ನು ದಾಟಿದ್ದರೆ ವೈದ್ಯರನ್ನು ಕಾಣಬೇಕು. ಇನ್ನೊಂದು ಬಗೆಯಲ್ಲಿ ಕೆಂಪಾಗಲಿ ಊತವಾಗಲಿ ಇರುವುದಿಲ್ಲ. ಆದರೆ ಭುಜದ ಕೀಲಿನ ನೋವು ವಾರಗಳು ಕಳೆದರೂ ಹೋಗುವುದಿಲ್ಲ, ಕೈಯನ್ನು ಬೆನ್ನ ಹಿಂದಕ್ಕೆ ಒಯ್ಯಲಾಗುವುದಿಲ್ಲ. ಸೂಜಿಯನ್ನು ಸ್ನಾಯುವಿಗಿಂತ ಮೇಲೆ, ಕೀಲಿಗೆ ತೀರ ಹತ್ತಿರವಾಗಿ ಚುಚ್ಚಿದಾಗ ಹೀಗಾಗುವುದುಂಟು. ಭುಜದ ತುದಿಯ ಮೂಳೆಯಿಂದ ಎರಡು ಮೂರು ಬೆರಳಿನಷ್ಟು ಕೆಳಗೆ ಚುಚ್ಚುವುದೇ ಸರಿಯಾದ ಕ್ರಮ. ಅತಿ ವಿರಳವಾಗಿ, ಕೆಲವು ದಿನಗಳಿಂದ ಕೆಲವು ವಾರಗಳೊಳಗೆ ಭುಜದಲ್ಲಿ ಸಹಿಸಲಾಗದ ನೋವು ಬಂದು ಕೈಯ ಬಲವೇ ಕುಂದಬಹುದು. ಇದು ನರಕ್ಕೆ ಸಂಬಂಧಿಸಿದುದು. ಈ ಎರಡಕ್ಕೂ ಮನೆಮದ್ದಿಲ್ಲ. ವೈದ್ಯರ ಪರೀಕ್ಷೆ ಆಗಲೇಬೇಕು.

ಯಾವ ದಿನವೇ ಆಗಲಿ, ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು ಇವು: ಜ್ವರ 102 ಡಿಗ್ರಿ ಮೀರಿದಾಗ ಅಥವಾ ಎರಡು ದಿನ ಕಳೆದರೂ ಬಿಡದಿದ್ದಾಗ, ಮಗು ಎಬ್ಬಿಸಿದರೂ ಮಂಪರಿನಲ್ಲಿಯೇ ಇದ್ದಾಗ, ಸೆಳವು ಬಂದಾಗ, ಕುತ್ತಿಗೆ ಬಿಗಿದಾಗ, ಉಸಿರಾಟ ಕಷ್ಟವಾದಾಗ, ನೀರೂ ನಿಲ್ಲದಂತೆ ವಾಂತಿಯಾದಾಗ, ಮೈಮೇಲೆ ದದ್ದುಗಳು ಎದ್ದಾಗ.

ಬೇರೆ ಲಸಿಕೆಗೆ ಬೇರೆ ಗಡಿಯಾರ

ಮೇಲೆ ಹೇಳಿದ ಕಾಲಗಣನೆ ಟಿ.ಡಿ.ಯಂತಹ ನಿರ್ಜೀವ ಲಸಿಕೆಗಳಿಗೆ ಸಲ್ಲುತ್ತದೆ. ಬಲಗುಂದಿಸಿದ ಜೀವಂತ ರೋಗಾಣುಗಳುಳ್ಳ ಲಸಿಕೆಗಳಿಗೆ ಅದು ಸಲ್ಲದು. 2017ರ ಫೆಬ್ರವರಿಯಲ್ಲಿ ಕರ್ನಾಟಕದ ಶಾಲೆಗಳಲ್ಲಿ ದಡಾರ-ರುಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನ ನಡೆದುದು ಹಲವರಿಗೆ ನೆನಪಿರಬಹುದು. ಆ ಲಸಿಕೆಯ ರೋಗಾಣು ದೇಹದಲ್ಲಿ ಮೆಲ್ಲಗೆ ಬೆಳೆದ ಮೇಲೆಯೇ ಪ್ರತಿಕ್ರಿಯೆ ಹುಟ್ಟುತ್ತದೆ. ಆದುದರಿಂದ ಅದರ ಜ್ವರವೂ ಕೆಲವೊಮ್ಮೆ ಅದರೊಡನೆ ಕಾಣುವ ತೆಳುವಾದ ಗುಳ್ಳೆಗಳೂ ಮರುದಿನ ಬರದೆ, ಸುಮಾರು ಒಂದು ವಾರದಿಂದ ಹನ್ನೆರಡು ದಿನಗಳ ನಡುವೆ ಬರುತ್ತವೆ. ಹುಟ್ಟಿದ ಮಗುವಿನ ಎಡದೋಳಿಗೆ ಹಾಕುವ ಬಿ.ಸಿ.ಜಿ.ಯ ಕಾಲವಂತೂ ಇನ್ನೂ ನಿಧಾನ. ಚುಚ್ಚಿದ ಸ್ಥಳದಲ್ಲಿ ಕೆಲವು ವಾರಗಳ ನಂತರ ಗುಳ್ಳೆ ಎದ್ದು, ಒಡೆದು, ಒಣಗಿ, ಕೊನೆಗೆ ಕಲೆ ಉಳಿಯುತ್ತದೆ. ಟಿ.ಡಿ.ಯಲ್ಲಿ ಕೀವೆಂದು ಗಾಬರಿಪಡಬೇಕಾದುದು ಬಿ.ಸಿ.ಜಿ.ಯಲ್ಲಿ ನಿರೀಕ್ಷಿತವಾದುದು. ಆದುದರಿಂದ ಯಾವ ಲಸಿಕೆ ಎಂಬುದು ತಿಳಿಯದೆ ಯಾವ ದಿನದ ಲಕ್ಷಣವೆಂಬುದು ಪ್ರಯೋಜನಕ್ಕೆ ಬಾರದು.

ಬರೆದಿಡಬೇಕಾದ ನಾಲ್ಕು ಸಂಗತಿಗಳು

ಲಸಿಕೆಯ ದಿನ ಪ್ರತಿ ವಿದ್ಯಾರ್ಥಿಯ ಕಾರ್ಡಿನಲ್ಲಿಯೂ ನಿಲಯದ ದಿನಚರಿಯಲ್ಲಿಯೂ ನಾಲ್ಕು ಸಂಗತಿಗಳನ್ನು ಬರೆದಿಡಬೇಕು: ಲಸಿಕೆಯ ಹೆಸರು, ಹಾಕಿದ ದಿನ ಮತ್ತು ವೇಳೆ, ಯಾವ ತೋಳು, ಮತ್ತು ಈ ಹಿಂದೆ ಟಿ.ಟಿ. ಅಥವಾ ಟಿ.ಡಿ. ಪಡೆದ ತಾರೀಖು. ನಂತರ ಯಾರಿಗಾದರೂ ತೊಂದರೆ ಕಂಡರೆ, ಅದು ಆರಂಭವಾದ ವೇಳೆಯನ್ನು ಅದರ ಮುಂದೆ ಗುರುತಿಸಬೇಕು. ವೈದ್ಯರು ಮೊದಲು ಕೇಳುವುದು ಇದನ್ನೇ.

ಗಂಭೀರವಾದ ತೊಂದರೆ ಕಂಡಾಗ, ಅದಕ್ಕೆ ಲಸಿಕೆಯೇ ಕಾರಣವೆಂದು ಖಚಿತವಿಲ್ಲದಿದ್ದರೂ, ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ತಿಳಿಸಬೇಕು. ಇಂತಹ ವರದಿಗಳನ್ನು ಪರಿಶೀಲಿಸಿ ಕಾರಣವನ್ನು ನಿರ್ಣಯಿಸುವ ವ್ಯವಸ್ಥೆ ಜಿಲ್ಲೆಯಿಂದ ರಾಷ್ಟ್ರಮಟ್ಟದವರೆಗೆ ಇದೆ. ಕಾರಣವನ್ನು ನಿರ್ಣಯಿಸುವುದು ಅವರ ಕೆಲಸ. ಕಂಡುದನ್ನು ವೇಳೆಯೊಡನೆ ತಿಳಿಸುವುದು ನಮ್ಮ ಕೆಲಸ.

ಆ ಬಾಲಕಿಯ ತೋಳುನೋವು ಬುಧವಾರ ಸಂಜೆ ಹುಟ್ಟಿ ಶನಿವಾರಕ್ಕೆ ಅಡಗಿತು. ಅವಳಿಗೆ ಬೇಕಾದುದು ಒದ್ದೆ ಬಟ್ಟೆ ಮತ್ತು ಬೇಕಾದರೆ 6 ಮಿಲಿಲೀಟರ್ ಔಷಧಿ. ಆ ಬಾಲಕನ ಜ್ವರ ಭಾನುವಾರ ಹುಟ್ಟಿತು. ಅವನಿಗೆ ಬೇಕಾದುದು ರಕ್ತಪರೀಕ್ಷೆ. ಇಬ್ಬರಿಗೂ ಹಾಕಿದುದು ಒಂದೇ ಲಸಿಕೆ, ಒಂದೇ ದಿನ. ಇಬ್ಬರ ಉಪಚಾರವನ್ನು ಬೇರ್ಪಡಿಸಿದುದು ದಿನಚರಿಯಲ್ಲಿ ಬರೆದಿಟ್ಟ ವೇಳೆ ಮಾತ್ರ.